ಹೆಕ್ಸ್: ಡ್ರಾ ಯಾಕಿಲ್ಲ, ಮೊದಲ ಕಾಯಿಗೆ ಲಗಾಮು ಯಾಕೆ?

ಪ್ರಶ್ನೆ: ಹೆಕ್ಸ್‌ನಲ್ಲಿ ಡ್ರಾ ಆಗೋದೇ ಇಲ್ಲ ಅಂತಾರೆ. ಮಣೆ ಪೂರ್ತಿ ತುಂಬಿ ಇಬ್ಬರ ದಾರಿಯೂ ಕಟ್ಟಿಹೋಗೋದು ಯಾಕೆ ಸಾಧ್ಯವಿಲ್ಲ? ಇನ್ನೊಂದು, ನಾನು ಮೊದಲ ಕಾಯಿ ಇಟ್ಟ ಮೇಲೆ ಎದುರಿನವನು ಬೇಕಾದರೆ ಅದನ್ನೇ ತನ್ನದಾಗಿಸಿಕೊಳ್ಳಬಹುದು ಅನ್ನೋ ನಿಯಮ ಯಾಕೆ ಬೇಕು? ಒಳ್ಳೆ ಮನೆಯಲ್ಲಿಟ್ಟರೆ ಕಸಿದುಕೊಳ್ತಾನೆ, ಕೆಟ್ಟ ಮನೆಯಲ್ಲಿಟ್ಟರೆ ನಾನೇ ಸೋಲ್ತೀನಿ. ಹಾಗಾದರೆ ಎಲ್ಲಿಡಬೇಕು?

ಉತ್ತರ: ಎರಡನೆಯ ಪ್ರಶ್ನೆಯ ಉತ್ತರ ಮೊದಲನೆಯದರ ಒಳಗೇ ಇದೆ, ಆದ್ದರಿಂದ ಡ್ರಾದಿಂದಲೇ ಶುರುಮಾಡೋಣ. ಹೆಕ್ಸ್ ಇಬ್ಬರು ಸರದಿಯಂತೆ ಒಂದೊಂದು ಕಾಯಿ ಇಡುತ್ತ ಹೋಗುವ ಮಣೆಯಾಟ, ಸಾಮಾನ್ಯವಾಗಿ ಆಡುವುದು 11×11 ಮಣೆಯಲ್ಲಿ. ಆದರೆ ಇಲ್ಲಿ 3×3 ಸಾಕು. ಅಷ್ಟು ಚಿಕ್ಕದರಲ್ಲಿ ಎಲ್ಲವನ್ನೂ ಕೈಯಲ್ಲೇ ಪರೀಕ್ಷಿಸಬಹುದು, ನನ್ನ ಮಾತನ್ನು ನಂಬಬೇಕಾಗಿಲ್ಲ.

```
a1  b1  c1
  a2  b2  c2
    a3  b3  c3
```

ಒಂದೊಂದು ಹೆಸರೂ ಒಂದು ಷಟ್ಕೋನದ ಮನೆ. ಪ್ರತಿ ಸಾಲೂ ಅರ್ಧ ಮನೆಯಷ್ಟು ಬಲಕ್ಕೆ ಸರಿದಿದೆ. ಹಾಗಾಗಿ b2ಗೆ ಆರು ನೆರೆಮನೆಗಳು: ಅಕ್ಕಪಕ್ಕ a2, c2, ಮೇಲೆ b1, c1, ಕೆಳಗೆ a3, b3. a1 ಮತ್ತು c3 ಮಣೆಯ ಚೂಪು ಮೂಲೆಗಳು, ಅವಕ್ಕೆ ಎರಡೆರಡೇ ನೆರೆ. a3 ಮತ್ತು c1 ಅಗಲ ಮೂಲೆಗಳು, ಅವಕ್ಕೆ ಮೂರು ಮೂರು. ಕೆಂಪು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಸರಪಳಿ ಕಟ್ಟಬೇಕು, ನೀಲಿ ಎಡದಿಂದ ಬಲಕ್ಕೆ.

ಈಗ ಚದುರಂಗದ ಮಣೆಯ ಹಾಗೆ ಒಂದು ಬಿಟ್ಟು ಒಂದು ತುಂಬಿಸಿ ನೋಡಿ. a1, c1, b2, a3, c3 ಕೆಂಪು, ಉಳಿದ ನಾಲ್ಕು ನೀಲಿ. ಇದೇ ಚೌಕದ ಮನೆಗಳ ಮಣೆಯಾಗಿದ್ದು, ಬದಿ ತಾಗಿದರೆ ಮಾತ್ರ ಸಂಪರ್ಕ ಎಂದಿದ್ದರೆ, ಯಾವ ಕಾಯಿಗೂ ತನ್ನ ಬಣ್ಣದ ಜೊತೆಗಾರನಿಲ್ಲ. ಇಬ್ಬರೂ ಕೆಟ್ಟರು, ಆಟ ಡ್ರಾ. ಮೂಲೆ ತಾಗಿದರೂ ಸಂಪರ್ಕವೇ ಎಂದು ನಿಯಮ ಸಡಿಲಿಸಿದರೆ ಕೆಂಪಿನ c1, b2, a3 ಒಂದು ದಾರಿಯಾಗುತ್ತದೆ. ಆದರೆ ನೀಲಿಯ a2, b1, c2 ಕೂಡ ಆಗ ಎಡದಿಂದ ಬಲಕ್ಕೆ ಮುಟ್ಟುತ್ತವೆ, ಅಂದರೆ ಇಬ್ಬರೂ ಗೆದ್ದ ಹಾಗೆ. ತೊಂದರೆ ಇರುವುದು ನಿಯಮದಲ್ಲಲ್ಲ, ನಾಲ್ಕು ಚೌಕಗಳು ಒಂದೇ ಬಿಂದುವಿನಲ್ಲಿ ಕೂಡುವುದರಲ್ಲಿ. ಅಲ್ಲಿ ಎದುರುಬದುರು ಕೆಂಪು ಕೆಂಪು, ನೀಲಿ ನೀಲಿ ಕೂತರೆ ಯಾರು ಯಾರನ್ನು ಕತ್ತರಿಸಿದರು ಎಂದು ಹೇಳಲು ಬರುವುದಿಲ್ಲ.

ಷಟ್ಕೋನದಲ್ಲಿ ಒಂದು ಬಿಂದುವಿನಲ್ಲಿ ಕೂಡುವುದು ಮೂರೇ ಮನೆ. ಬಣ್ಣ ಎರಡೇ ಇರುವುದರಿಂದ ಮೂರರಲ್ಲಿ ಎರಡಾದರೂ ಒಂದೇ ಬಣ್ಣದವಾಗಿರಲೇಬೇಕು, ಮತ್ತು ಆ ಎರಡು ಬದಿಗೆ ಬದಿ ತಾಗಿಯೇ ಇರುತ್ತವೆ. ಗೊಂದಲಕ್ಕೆ ಜಾಗವೇ ಇಲ್ಲ. ಮೇಲೆ ತುಂಬಿಸಿದ ಅದೇ ಮಣೆಯನ್ನು ಷಟ್ಕೋನವಾಗಿ ನೋಡಿ: c1, b2, a3 ಬದಿ ತಾಗಿವೆ, ಕೆಂಪು ಗೆದ್ದಿದೆ. ನೀಲಿಯ a2ಗೆ b1 ನೆರೆ ಹೌದು, ಆದರೆ b1ಗೂ c2ಗೂ ನಡುವೆ b2 ಮತ್ತು c1 ಅಡ್ಡ ನಿಂತಿವೆ.

ಒಂದು ಉದಾಹರಣೆ ಸಾಬೀತಾಗುವುದಿಲ್ಲ ನಿಜ. ಯಾವ ಅಳತೆಯ ಮಣೆಗೂ, ಹೇಗೆ ತುಂಬಿದರೂ ಸಲ್ಲುವ ಸಾಬೀತು ಹೀಗಿದೆ. ಮಣೆಯ ಹೊರಗೆ ಮೇಲೂ ಕೆಳಗೂ ಕೆಂಪು ನೆಲ, ಎಡಕ್ಕೂ ಬಲಕ್ಕೂ ನೀಲಿ ನೆಲ ಇದೆ ಎಂದುಕೊಳ್ಳಿ. ಎರಡು ನೆಲಗಳು ಕೂಡುವ ಎಡ ಮೇಲಿನ ಮೂಲೆಯಿಂದ ಒಂದು ಇರುವೆಯನ್ನು ಒಳಗೆ ಬಿಡಿ. ಅದು ಮನೆಗಳ ನಡುವಿನ ಗೆರೆಗಳ ಮೇಲೆ ಮಾತ್ರ ನಡೆಯಬೇಕು, ಮತ್ತು ಸದಾ ಎಡಗೈಗೆ ಕೆಂಪು, ಬಲಗೈಗೆ ನೀಲಿ ಇರಬೇಕು. ಪ್ರತಿ ಕವಲಿನಲ್ಲೂ ಎದುರಿಗೆ ಮೂರನೆಯ ಮನೆಯೊಂದು ಬರುತ್ತದೆ. ಅದು ಕೆಂಪಾದರೆ ಇರುವೆ ಬಲಕ್ಕೆ ತಿರುಗುತ್ತದೆ, ನೀಲಿಯಾದರೆ ಎಡಕ್ಕೆ. ಅದಕ್ಕೆ ಆಯ್ಕೆಯೇ ಇಲ್ಲ, ಹಾಗೆಯೇ ಎಲ್ಲೂ ದಾರಿ ಮುಗಿದುಹೋಗುವುದೂ ಇಲ್ಲ.

ಅದು ಸುತ್ತು ಹಾಕುತ್ತ ಒಳಗೇ ಉಳಿದುಬಿಟ್ಟರೆ? ಆಗದು. ಹಿಂದೆ ಮುಟ್ಟಿದ ಕವಲಿಗೆ ಮತ್ತೆ ಬರಬೇಕಾದರೆ ಅಲ್ಲಿನ ಮೂರು ಗೆರೆಗಳಲ್ಲಿ ಮೂರನೆಯದರಿಂದ ಬರಬೇಕು. ಮೂರನೆಯ ಗೆರೆಯ ಎರಡೂ ಬದಿ ಒಂದೇ ಬಣ್ಣ, ಇರುವೆ ಅದರ ಮೇಲೆ ನಡೆಯುವ ಹಾಗಿಲ್ಲ. ಗೆರೆಗಳಿಗೆ ಲೆಕ್ಕವಿದೆ, ಪುನರಾವರ್ತನೆ ಇಲ್ಲ, ಆದ್ದರಿಂದ ಇರುವೆ ಎಲ್ಲೋ ಹೊರಬೀಳಲೇಬೇಕು. ಕೆಂಪು ನೆಲ, ನೀಲಿ ನೆಲ ಕೂಡುವ ಉಳಿದ ಮೂರು ಮೂಲೆಗಳಲ್ಲೇ ಅದು ಹೊರಬೀಳಬಹುದು.

ಬಲ ಕೆಳಗಿನ ಮೂಲೆಯಿಂದ ಹೊರಡುವವನ ಎಡಗೈಗೆ ನೀಲಿ ನೆಲ ಇರುತ್ತದೆ, ಹಾಗಾಗಿ ಅದು ಹೋಯಿತು. ಉಳಿದವು ಎರಡು. ಎಡ ಕೆಳಗಿನ ಮೂಲೆಯಲ್ಲಿ ಹೊರಬಿದ್ದರೆ ಅದರ ಎಡಗೈ ದಾರಿಯುದ್ದಕ್ಕೂ ಕೆಂಪನ್ನೇ ಸವರುತ್ತ ಮೇಲಿನ ನೆಲದಿಂದ ಕೆಳಗಿನ ನೆಲಕ್ಕೆ ಬಂದಿದೆ: ಕೆಂಪಿನ ಸರಪಳಿ ಸಿಕ್ಕಿತು. ಬಲ ಮೇಲಿನ ಮೂಲೆಯಲ್ಲಿ ಹೊರಬಿದ್ದರೆ ಬಲಗೈ ನೀಲಿಯನ್ನೇ ಸವರುತ್ತ ಎಡದಿಂದ ಬಲಕ್ಕೆ ಬಂದಿದೆ: ನೀಲಿ ಗೆದ್ದಿತು. ನಮ್ಮ ತುಂಬಿದ 3×3ರಲ್ಲಿ ಪೆನ್ಸಿಲ್ ಹಿಡಿದು ನಡೆಸಿ ನೋಡಿ. ಇರುವೆ a1ನ್ನು ಬಳಸಿ, ಮೇಲಂಚು ಮುಟ್ಟಿ, b1ರ ಸುತ್ತ ಹಾಯ್ದು, c1, b2, a3ಗಳನ್ನು ಎಡಗೈಯಲ್ಲಿ ಮುಟ್ಟುತ್ತ ಎಡ ಕೆಳಗಿನ ಮೂಲೆಗೆ ಬರುತ್ತದೆ.

ಇಬ್ಬರೂ ಗೆಲ್ಲಲಾರರು ಅನ್ನುವುದು ಸುಲಭ. ಕೆಂಪು ಸರಪಳಿ ಮೇಲಿಂದ ಕೆಳಗೆ ಇಳಿದರೆ ಮಣೆ ಎರಡು ತುಂಡಾಯಿತು, ನೀಲಿಗೆ ದಾಟಲು ಸಂದಿಲ್ಲ. ಗಣಿತಜ್ಞ ಡೇವಿಡ್ ಗೇಲ್ 1979ರಲ್ಲಿ ತೋರಿಸಿದ ಹಾಗೆ, ಈ ‘ಡ್ರಾ ಇಲ್ಲ’ ಎಂಬ ಮಾತೂ ಬ್ರೌವರ್‌ನ ಸ್ಥಿರಬಿಂದು ಪ್ರಮೇಯವೂ ಸಮಾನ, ಒಂದರಿಂದ ಇನ್ನೊಂದು ಹೊರಡುತ್ತದೆ. ಆಡುವವನಿಗೆ ಇದರಿಂದ ಸಿಗುವುದು ಇನ್ನೂ ಸರಳವಾದದ್ದು: ಎದುರಾಳಿಯನ್ನು ಪೂರ್ತಿ ತಡೆದರೆ ನೀವು ಗೆದ್ದಂತೆಯೇ. ಹೆಕ್ಸ್‌ನಲ್ಲಿ ಆಕ್ರಮಣ, ರಕ್ಷಣೆ ಎಂದು ಎರಡು ಕೆಲಸವಿಲ್ಲ.

ಈಗ ಮೊದಲ ಕಾಯಿಗೆ ಬರೋಣ. ಡ್ರಾ ಇಲ್ಲವಾದ್ದರಿಂದ, ಇಬ್ಬರೂ ತಪ್ಪಿಲ್ಲದೆ ಆಡಿದರೆ ಮೊದಲಿಗ ಗೆಲ್ಲುತ್ತಾನೆ ಅಥವಾ ಎರಡನೆಯವನು ಗೆಲ್ಲುತ್ತಾನೆ, ಮೂರನೆಯ ಸಾಧ್ಯತೆ ಇಲ್ಲ. 1942ರಲ್ಲಿ ಡೆನ್ಮಾರ್ಕಿನ ಪೀಟ್ ಹೈನ್ ಮೊದಲು ಕಂಡುಕೊಂಡ ಈ ಆಟವನ್ನು 1948ರಲ್ಲಿ ಸ್ವತಂತ್ರವಾಗಿ ಕಂಡುಕೊಂಡ ಜಾನ್ ನ್ಯಾಶ್ ಕೊಟ್ಟ ವಾದ ಹೀಗಿದೆ. ಎರಡನೆಯವನ ಬಳಿ ಸೋಲಿಲ್ಲದ ತಂತ್ರವಿದೆ ಎಂದುಕೊಳ್ಳಿ. ಆಗ ಮೊದಲಿಗ ಎಲ್ಲೋ ಒಂದು ಕಾಯಿ ಇಟ್ಟು, ಅದು ಇಲ್ಲವೇ ಇಲ್ಲ ಎಂಬಂತೆ, ತಾನೇ ಎರಡನೆಯವನಾಗಿ ಆ ತಂತ್ರವನ್ನೇ ಆಡಬಹುದು. ತಂತ್ರ ಹೇಳಿದ ಮನೆಯಲ್ಲಿ ಅವನ ಕಾಯಿ ಆಗಲೇ ಇದ್ದರೆ ಇನ್ನೆಲ್ಲೋ ಒಂದನ್ನು ಇಡುತ್ತಾನೆ. ಹೆಕ್ಸ್‌ನಲ್ಲಿ ಹೆಚ್ಚುವರಿ ಕಾಯಿ ಎಂದೂ ಕೇಡು ಮಾಡುವುದಿಲ್ಲ, ಆದ್ದರಿಂದ ಅವನೂ ಗೆಲ್ಲುತ್ತಾನೆ. ಇಬ್ಬರೂ ಗೆಲ್ಲುವುದು ಅಸಾಧ್ಯ, ಅಂದಮೇಲೆ ಅಂಥ ತಂತ್ರ ಎರಡನೆಯವನಿಗೆ ಇರಲು ಸಾಧ್ಯವಿಲ್ಲ. ಗೆಲುವು ಮೊದಲಿಗನದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಗೆಲುವಿದೆ ಎಂದು ಈ ವಾದ ಹೇಳುತ್ತದೆಯೇ ಹೊರತು ಯಾವ ಮನೆಯಲ್ಲಿ ಇದೆ ಎಂದು ಹೇಳುವುದಿಲ್ಲ. ‘ಎಲ್ಲಿಟ್ಟರೂ ಮೊದಲಿಗ ಗೆಲ್ಲುತ್ತಾನೆ’ ಎಂದೂ ಅದರ ಅರ್ಥವಲ್ಲ. ಕೆಲವು ಮನೆಗಳಲ್ಲಿ ಮೊದಲ ಕಾಯಿ ಇಟ್ಟರೆ ಸೋಲೇ.

3×3ರಲ್ಲಿ ಒಂಬತ್ತೂ ಮನೆಗಳ ಲೆಕ್ಕ ಹಾಕಬಹುದು. ಕೆಂಪು ಮೊದಲು ಆಡುತ್ತದೆ. b2 ಹಿಡಿದರೆ ಆಟ ಅಲ್ಲಿಗೇ ಮುಗಿಯಿತು: ಮೇಲಕ್ಕೆ b1 ಅಥವಾ c1, ಕೆಳಕ್ಕೆ a3 ಅಥವಾ b3. ನೀಲಿ ಒಂದನ್ನು ಮುಚ್ಚಿದರೆ ಕೆಂಪು ಅದರ ಜೋಡಿಯನ್ನು ಹಿಡಿಯುತ್ತದೆ. ಹೀಗೆ ಎರಡು ಬಾಗಿಲಿದ್ದು ಒಂದನ್ನು ಮುಚ್ಚಿದರೆ ಇನ್ನೊಂದು ತೆರೆದಿರುವುದೇ ಹೆಕ್ಸ್ ಆಟಗಾರರ ನಿತ್ಯದ ಬಂಡವಾಳ. ಎರಡು ಕಾಯಿಗಳ ನಡುವೆ ಇದ್ದರೆ ಅದನ್ನು ಸೇತುವೆ ಎನ್ನುತ್ತಾರೆ.

ಕೆಂಪು b2 ಬಿಟ್ಟು ಬೇರೆಲ್ಲೋ ಇಟ್ಟಿತು ಅನ್ನಿ. ನೀಲಿ ಸಹಜವಾಗಿ b2 ಹಿಡಿಯಬೇಕೆನ್ನುತ್ತದೆ. ನೀಲಿಯ b2ಗೆ ಎಡಕ್ಕೆ a2, a3 ಎರಡು ಬಾಗಿಲು, ಬಲಕ್ಕೆ c1, c2 ಎರಡು ಬಾಗಿಲು. ಕೆಂಪಿನ ಮೊದಲ ಕಾಯಿ ಈ ನಾಲ್ಕರಲ್ಲಿ ಒಂದರ ಮೇಲಿಲ್ಲದಿದ್ದರೆ ನೀಲಿ ಗೆದ್ದಂತೆಯೇ. ಹಾಗಾಗಿ a1, b1, b3, c3 ನಾಲ್ಕೂ ಸೋಲುವ ಆರಂಭಗಳು. ಇವೆಲ್ಲ ಇರುವುದು ಕೆಂಪಿನ ಸ್ವಂತ ಅಂಚುಗಳ ಮೇಲೆ ಎಂಬುದನ್ನು ಗಮನಿಸಿ. ಸ್ವಂತ ಅಂಚಿಗೆ ಅಂಟಿದ ಕಾಯಿ ಎದುರಾಳಿಯ ದಾರಿಯನ್ನು ಅಷ್ಟಾಗಿ ಕೆಡಿಸುವುದಿಲ್ಲ.

ಉಳಿದವು a2, a3 ಮತ್ತು ಮಣೆಯನ್ನು ಅರ್ಧ ಸುತ್ತು ತಿರುಗಿಸಿದರೆ ಇವುಗಳಿಗೇ ಸಮವಾದ c2, c1. a3 ಗೆಲ್ಲುತ್ತದೆಯೇ ಎಂದು ನೀವೇ ನೋಡಿಕೊಳ್ಳಿ (ಸುಳಿವು: ನೀಲಿ b1 ಇಟ್ಟರೆ a2). a2 ಮಾತ್ರ ಬಿಡಿಸಿ ತೋರಿಸುತ್ತೇನೆ, ಏಕೆಂದರೆ ಅದು ನೀಲಿಯ ಅಂಚಿನಲ್ಲಿ ಮೂಲೆಗುಂಪಾದ ಕಾಯಿಯ ಹಾಗೆ ಕಾಣುತ್ತದೆ, ಮತ್ತು ಅದನ್ನು ಬಿಡಿಸುವ ರೀತಿ ದೊಡ್ಡ ಮಣೆಯಲ್ಲೂ ಅದೇ.

ಕೆಂಪು a2 ಇಟ್ಟಿದೆ, ಸರದಿ ನೀಲಿಯದು. ನೀಲಿ ಮೊದಲು ಕೇಳಿಕೊಳ್ಳಬೇಕಾದದ್ದು: ನಾನು ಸುಮ್ಮನಿದ್ದರೆ ಕೆಂಪು ಹೇಗೆ ಗೆಲ್ಲುತ್ತದೆ? ಒಂದು ದಾರಿ a3. a2, a3 ಕೂಡಿ ಕೆಳಗೆ ಮುಟ್ಟಿದವು, ಮೇಲಕ್ಕೆ a1, b1 ಎರಡು ಬಾಗಿಲು. ಈ ಬೆದರಿಕೆ ಬಳಸುವ ಮನೆಗಳು a3, a1, b1. ನೀಲಿ ಈ ಮೂರರಲ್ಲೇ ಒಂದರಲ್ಲಿ ಇಡಬೇಕು, ಬೇರೆ ಎಲ್ಲಿಟ್ಟರೂ ಕೆಂಪು a3 ಇಟ್ಟು ಗೆಲ್ಲುತ್ತದೆ. ಎರಡನೆಯ ದಾರಿ b2. ಅದಕ್ಕೆ ಕೆಳಕ್ಕೆ a3, b3. ಮೇಲಕ್ಕೆ b1, c1. ಇದು a1ನ್ನು ಮುಟ್ಟುವುದೇ ಇಲ್ಲ, ಹಾಗಾಗಿ ನೀಲಿ a1 ಇಟ್ಟರೆ ಕೆಂಪು b2ಗೆ ಹೋಗುತ್ತದೆ. ನೀಲಿ b1 ಇಟ್ಟರೂ b2 ಸಾಕು: ಈಗ ಮೇಲಕ್ಕೆ ಒಂದು ಬಾಗಿಲು c1, ಇನ್ನೊಂದು a2ನ ಮೂಲಕ a1. ಕೆಳಗಿನ ಜೋಡಿ ಹಾಗೇ ಇದೆ.

ಉಳಿದದ್ದು a3 ಒಂದೇ. ನೀಲಿ a3 ಇಟ್ಟಾಗ ಹೊಸಬರು ಕಾಯಿಗೆ ಕಾಯಿ ತಾಗಿಸುವ ಆಸೆಗೆ ಬಿದ್ದು b2 ಇಡುತ್ತಾರೆ. ಅದು ಸೋಲುತ್ತದೆ: ನೀಲಿ b3, ಕೆಂಪು c2, ನೀಲಿ c3, ಕೆಳಗಿನ ಸಾಲೆಲ್ಲ ನೀಲಿಯಾಯಿತು. ಸರಿಯಾದ ಉತ್ತರ ದೂರದ c2. ಕೆಳಕ್ಕೆ b3, c3 ಎರಡು ಬಾಗಿಲು. ಮೇಲಕ್ಕೆ ನೇರ c1, ಇಲ್ಲವೇ b2 ಮೂಲಕ a2ಗೆ ಸೇರಿ ಅಲ್ಲಿಂದ a1 ಅಥವಾ b1. ನೀಲಿ c1 ಇಟ್ಟರೆ b2, ನೀಲಿ b2 ಇಟ್ಟರೆ c1. ಕೆಂಪಿಗೆ ಗೆಲುವು.

ಲೆಕ್ಕ ಇಷ್ಟಾಯಿತು: ಒಂಬತ್ತರಲ್ಲಿ ಐದು ಆರಂಭಗಳು ಗೆಲ್ಲುತ್ತವೆ, ನಾಲ್ಕು ಸೋಲುತ್ತವೆ. ದೊಡ್ಡ ಮಣೆಯಲ್ಲೂ ಚಿತ್ರದ ರೂಪ ಹೀಗೇ ಇರುತ್ತದೆ: ನಡುವಿನ ದೊಡ್ಡ ಭಾಗ ಗೆಲುವು, ಸೋಲುವ ಮನೆಗಳು ಹೆಚ್ಚಾಗಿ ಸ್ವಂತ ಅಂಚಿನ ಬಳಿ ಮತ್ತು ಚೂಪು ಮೂಲೆಯ ಸುತ್ತ. ಚೂಪು ಮೂಲೆ a1 ಎರಡರಿಂದ ಮೇಲಿನ ಯಾವ ಅಳತೆಯ ಮಣೆಯಲ್ಲೂ ಸೋಲುತ್ತದೆ ಎಂಬುದಕ್ಕೆ ಸಾಬೀತಿದೆ. 9×9ರ ಎಲ್ಲ 81 ಆರಂಭಗಳನ್ನೂ ಕಂಪ್ಯೂಟರ್ ಬಿಡಿಸಿಟ್ಟಿದೆ, 11×11ರ ಪೂರ್ತಿ ನಕ್ಷೆ ಇನ್ನೂ ಸಿಕ್ಕಿಲ್ಲ. ಆದರೆ ಅಲ್ಲಿ ನಡುಮನೆ ಹಿಡಿದವನಿಗೆ ಸಿಗುವ ಮೇಲುಗೈ ಎಷ್ಟೆಂದರೆ, ಸಮಬಲದ ಇಬ್ಬರಲ್ಲಿ ಎರಡನೆಯವನು ಬರೀ ಎದುರಾಳಿಯ ತಪ್ಪಿಗೆ ಕಾಯಬೇಕು. ನಡುಮನೆ ಮಾತ್ರ ನಿಷೇಧಿಸಿದರೆ ಸಾಲದು, ಪಕ್ಕದ ಮನೆಯೂ ಅಷ್ಟೇ ಬಲದ್ದು. ಮಣೆಯ ಒಂದು ಬದಿಯನ್ನು ಒಂದು ಸಾಲು ಚಿಕ್ಕದು ಮಾಡಿ ಎರಡನೆಯವನಿಗೆ ಕೊಡೋಣ ಎಂದರೆ ಅದು ಅತಿಯಾಗುತ್ತದೆ. ಆಗ ಕಡಿಮೆ ದೂರದವನು ಮನೆಗಳನ್ನು ಜೋಡಿ ಜೋಡಿ ಮಾಡಿಟ್ಟುಕೊಂಡು, ಎದುರಾಳಿ ಒಂದರಲ್ಲಿಟ್ಟಾಗ ತಾನು ಅದರ ಜೋಡಿಯಲ್ಲಿಡುತ್ತ, ಎರಡನೆಯವನಾಗಿಯೇ ಖಚಿತವಾಗಿ ಗೆಲ್ಲುತ್ತಾನೆ.

ಅದಕ್ಕೇ ನೀವು ಕೇಳಿದ ನಿಯಮ, ಮೊದಲ ಕಾಯಿಯನ್ನು ಎದುರಿನವನು ತನ್ನದಾಗಿಸಿಕೊಳ್ಳಬಹುದಾದ ಸ್ವಾಪ್ ನಿಯಮ. ಒಬ್ಬ ರೊಟ್ಟಿ ಮುರಿದರೆ ಇನ್ನೊಬ್ಬ ಆರಿಸಿಕೊಳ್ಳುವ ಲೆಕ್ಕ. ಆದರೆ ಇಲ್ಲೊಂದು ಸೂಕ್ಷ್ಮವಿದೆ: ರೊಟ್ಟಿಯನ್ನು ಸರಿಸಮ ಮುರಿಯಬಹುದು, ಹೆಕ್ಸ್‌ನ ಆರಂಭವನ್ನು ಮುರಿಯಲಾಗದು. ಡ್ರಾ ಇಲ್ಲದ ಆಟದಲ್ಲಿ ಪ್ರತಿ ಮನೆಯೂ ಗೆಲುವೋ ಸೋಲೋ ಆಗಿಯೇ ತೀರಬೇಕು, ‘ಸಮ’ ಎಂಬ ಮನೆಯೇ ಇಲ್ಲ. ಎಲ್ಲ ತಿಳಿದವನಿಗೆ ಸ್ವಾಪ್ ಇದ್ದಾಗ ಗೆಲುವು ಎರಡನೆಯವನದೇ, ಗೆಲ್ಲುವ ಕಾಯಿಯಾದರೆ ತೆಗೆದುಕೊಳ್ಳುತ್ತಾನೆ, ಸೋಲುವುದಾದರೆ ಬಿಡುತ್ತಾನೆ. 3×3ರಲ್ಲಿ ಸ್ವಾಪ್ ಹಾಕಿ ಆಡುವುದಕ್ಕೆ ಅರ್ಥವಿಲ್ಲ ಎಂಬುದು ಇದರಿಂದಲೇ. ದೊಡ್ಡ ಮಣೆಯಲ್ಲಿ ಮಾತ್ರ ಸಮತೋಲ ನಿಂತಿರುವುದು ಇಬ್ಬರಿಗೂ ಗೊತ್ತಿಲ್ಲ ಅನ್ನುವುದರ ಮೇಲೆ. ಯಾರಿಗೂ ಸುಲಭಕ್ಕೆ ಬಿಡಿಸಲಾಗದ ಮನೆಯೇ ಒಳ್ಳೆಯ ಆರಂಭ.

ಹಾಗಾಗಿ ‘ಒಳ್ಳೆ ಮನೆಯೋ ಕೆಟ್ಟ ಮನೆಯೋ’ ಎಂದು ನೀವು ಕೇಳಿಕೊಂಡದ್ದನ್ನು ಸ್ವಲ್ಪ ಬದಲಿಸಿ: ಈ ಕಾಯಿಯನ್ನು ಎದುರಾಳಿ ತೆಗೆದುಕೊಂಡರೂ ಬಿಟ್ಟರೂ ನನಗೆ ಆಡಲು ಧೈರ್ಯವಿದೆಯೇ? 11×11ರಲ್ಲಿ ನಡುಮನೆ f6 ಇಟ್ಟರೆ ಉತ್ತರ ಸ್ಪಷ್ಟ, ಅವನು ತೆಗೆದುಕೊಳ್ಳುತ್ತಾನೆ. a1 ಇಟ್ಟರೂ ಸ್ಪಷ್ಟ, ಬಿಟ್ಟು ತಾನು f6 ಹಿಡಿಯುತ್ತಾನೆ. ಇವೆರಡರ ನಡುವಿನ ಗಡಿ ಬೇಕು, ಮತ್ತು ಆ ಗಡಿ ಇರುವುದು ಮಣೆಯ ಹೊರ ಎರಡು ಮೂರು ಸಾಲುಗಳಲ್ಲಿ. ಕೆಂಪಿಗೆ a10 ರೂಢಿಯಲ್ಲಿರುವ ಆರಂಭಗಳಲ್ಲೊಂದು. ಅದು ನೀಲಿಯ ಅಂಚಿನಲ್ಲಿ, ಅಗಲ ಮೂಲೆ a11ರ ಪಕ್ಕದಲ್ಲಿದೆ. ಅಲ್ಲಿಂದ ಶುರುಮಾಡಿ.

ನಿಮ್ಮಿಬ್ಬರ ಮಟ್ಟಕ್ಕೆ ಸರಿಹೊಂದುವ ಮನೆ ಹುಡುಕಲು ಸ್ವಾಪ್ ಇಲ್ಲದೆ ಒಂದೇ ಆರಂಭದಿಂದ ಎರಡೆರಡು ಆಟ ಆಡಿ, ಒಮ್ಮೆ ನೀವು ಆ ಕಾಯಿಯ ಪರ, ಒಮ್ಮೆ ಅವರು. ನಾಲ್ಕಾರು ಜೋಡಿ ಆಟಗಳಲ್ಲಿ ಯಾರೇ ಆಡಿದರೂ ಆ ಕಾಯಿಯ ಕಡೆಯೇ ಗೆಲ್ಲುತ್ತಿದ್ದರೆ ಒಂದು ಮನೆ ಹೊರಕ್ಕೆ, ಸ್ವಂತ ಅಂಚಿನತ್ತ ಸರಿಸಿ. ಸೋಲುತ್ತಲೇ ಇದ್ದರೆ ಒಳಕ್ಕೆ. ಆಟ ಕಲಿತ ಹಾಗೆ ಈ ಮನೆ ಬದಲಾಗುತ್ತದೆ.

ಸ್ವಾಪ್ ಮಾಡುವವನ ಸರದಿ ನಿಮ್ಮದಾದಾಗ, ಆ ಕಾಯಿಯನ್ನೇ ದಿಟ್ಟಿಸುತ್ತ ಕೂರಬೇಡಿ. ಬಿಟ್ಟರೆ ನೀವು ಎಲ್ಲಿಡುತ್ತೀರಿ ಎಂದು ನೋಡಿ, ಸಾಮಾನ್ಯವಾಗಿ ನಡುವಿನ ಆಸುಪಾಸು. ಆ ನಿಮ್ಮ ಕಾಯಿ ನಿಮ್ಮ ಎರಡೂ ಅಂಚು ತಲುಪುವ ದಾರಿಯಲ್ಲಿ ಅವರ ಕಾಯಿ ಅಡ್ಡಬರುತ್ತದೆಯೇ? 3×3ರಲ್ಲಿ a2 ಅಡ್ಡಬಂದಿತ್ತು, b1 ಬಂದಿರಲಿಲ್ಲ. ಅಡ್ಡಬಂದರೆ ತೆಗೆದುಕೊಳ್ಳಿ, ಇಲ್ಲವಾದರೆ ಬಿಡಿ.

ಕೊನೆಗೊಂದು ಯಾಂತ್ರಿಕ ತಪ್ಪು, ಆದರೆ ಆಟವನ್ನೇ ಕೆಡಿಸುವಂಥದ್ದು. ಸ್ವಾಪ್ ಎರಡು ರೀತಿ ಮಾಡುತ್ತಾರೆ. ಒಂದರಲ್ಲಿ ಆಟಗಾರರು ಬಣ್ಣ ಬದಲಿಸಿಕೊಳ್ಳುತ್ತಾರೆ, ಕಾಯಿ ಇದ್ದಲ್ಲೇ ಇರುತ್ತದೆ. ಇನ್ನೊಂದರಲ್ಲಿ ಆಟಗಾರರ ಬಣ್ಣ ಹಾಗೇ ಇದ್ದು ಕಾಯಿಯ ಬಣ್ಣ ಬದಲಾಗುತ್ತದೆ. ಈ ಎರಡನೆಯ ರೀತಿಯಲ್ಲಿ ಕಾಯಿಯ ಜಾಗವೂ ಬದಲಾಗಬೇಕು: ಕಂಬ ಮತ್ತು ಸಾಲಿನ ಸಂಖ್ಯೆ ಅದಲುಬದಲಾಗಿ ಕೆಂಪಿನ a10 ನೀಲಿಯ j1 ಆಗಬೇಕು, ಕೆಂಪಿನ a2 ನೀಲಿಯ b1 ಆಗಬೇಕು. ಕಾಯಿಯನ್ನು ಅಲ್ಲೇ ಬಿಟ್ಟು ಬಣ್ಣ ಮಾತ್ರ ಬದಲಿಸಿದರೆ ಏನಾಗುತ್ತದೆ ನೋಡಿ: 3×3ರಲ್ಲಿ ಗೆಲ್ಲುವ a2ವನ್ನು ಕಸಿದ ಸಂತೋಷದಲ್ಲಿ ನೀಲಿ ಅದೇ ಮನೆಯಲ್ಲಿ ನೀಲಿ ಕಾಯಿ ಇಡುತ್ತದೆ. ನೀಲಿಗೆ a2 ತನ್ನದೇ ಅಂಚು. ಕೆಂಪು b2 ಇಡುತ್ತದೆ, b1, c1 ಮೇಲೆ, a3, b3 ಕೆಳಗೆ, ನಾಲ್ಕೂ ಬಾಗಿಲು ತೆರೆದೇ ಇವೆ.